ಸೋಂಕಿನ ಲೆಕ್ಕದಿಂದ ಸಾರ್ವಜನಿಕ ಆರೋಗ್ಯಕ್ಕೆ: ಒಬ್ಬ ಮೈಕ್ರೋಬಯಾಲಜಿ ಪದವೀಧರೆಯ ಪ್ರಕರಣ

ಈ ಪ್ರಕರಣದ ಹುಡುಗಿಯನ್ನು ಕಾವ್ಯ ಅಂತ ಕರೆಯೋಣ. ಹೆಸರು ನಿಜವಲ್ಲ. ಊರು, ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಸಂಖ್ಯೆಗಳನ್ನೂ ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ, ಆದರೆ ಲೆಕ್ಕದ ರೀತಿ ಹಾಗೇ ಇದೆ. ನಾನು ಅದೇ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿದ್ದೆ. ಹಾಗಾಗಿ ಹೆಚ್ಚಿನದನ್ನು ಹತ್ತಿರದಿಂದ ನೋಡಿದ್ದೇನೆ. ಉಳಿದದ್ದು ಆಕೆ ಹೇಳಿದ್ದು. ಬರೆಯಲು ಆಕೆಯ ಒಪ್ಪಿಗೆಯೂ ಇದೆ.

ಹಿನ್ನೆಲೆ

ಕಾವ್ಯ ಮಧ್ಯ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಮುಗಿಸಿದ್ದಳು. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಓದುತ್ತಿರುವ ತಮ್ಮ. ಪಿಎಚ್‌ಡಿಗೆ ಬೇಕಾದ ಅರ್ಹತಾ ಪರೀಕ್ಷೆ ಪಾಸಾಗಿರಲಿಲ್ಲ. ಪಾಠ ಮಾಡಲು ಇಷ್ಟವಿರಲಿಲ್ಲ. ಹಾಗಾಗಿ ಎಲ್ಲರೂ ಮಾಡುವಂತೆ ಆಸ್ಪತ್ರೆಯ ಲ್ಯಾಬ್‌ಗೆ ಅರ್ಜಿ ಹಾಕಿದಳು.

ಅಲ್ಲಿ ಮೊದಲ ಗೋಡೆ ಸಿಕ್ಕಿತು. ಆಸ್ಪತ್ರೆ ಲ್ಯಾಬ್‌ನಲ್ಲಿ ಯಂತ್ರ ನಡೆಸುವವರು, ರಕ್ತ ತೆಗೆಯುವವರು ಡಿಎಂಎಲ್‌ಟಿ ಅಥವಾ ಬಿ.ಎಸ್ಸಿ. ಎಂಎಲ್‌ಟಿ, ಅಂದರೆ ಲ್ಯಾಬ್ ತಂತ್ರಜ್ಞರ ಕೋರ್ಸ್, ಓದಿದವರು. ಮಾದರಿಯಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು ಅಂತ ಹೇಳುವ ಕಲ್ಚರ್ ವರದಿಗೆ ಸಹಿ ಹಾಕುವವರು ಎಂ.ಡಿ. ಮೈಕ್ರೋಬಯಾಲಜಿ ಮಾಡಿದ ವೈದ್ಯರು. ಎಂ.ಎಸ್ಸಿ. ಓದಿದವಳು ಈ ಎರಡರ ನಡುವೆ ಬೀಳುತ್ತಾಳೆ. ಮೊದಲ ಕೆಲಸಕ್ಕೆ ಆಕೆಯ ಓದು ಜಾಸ್ತಿಯಾಯಿತು ಅನ್ನುತ್ತಾರೆ, ಎರಡನೆಯದಕ್ಕೆ ಸಾಲದು ಅನ್ನುತ್ತಾರೆ. ಕಾವ್ಯಳಿಗೆ ಸಿಕ್ಕ ಲ್ಯಾಬ್ ಕೆಲಸದ ಸಂಬಳ ತಿಂಗಳಿಗೆ 12 ಸಾವಿರ. ಮುಂದೆ ಹೋಗುವ ದಾರಿ ಯಾವುದು ಅಂತ ಕೇಳಿದರೆ ಲ್ಯಾಬ್ ಮ್ಯಾನೇಜರ್ ಬಳಿಯೂ ಉತ್ತರ ಇರಲಿಲ್ಲ.

ಲ್ಯಾಬ್ ಸೇರುವ ಮೊದಲೇ ಆಕೆ ಆರು ತಿಂಗಳ ಆನ್‌ಲೈನ್ ಕ್ಲಿನಿಕಲ್ ರಿಸರ್ಚ್ ಡಿಪ್ಲೊಮಾ ಒಂದಕ್ಕೆ ದುಡ್ಡು ಕಟ್ಟಿದ್ದಳು. ನೂರು ಪರ್ಸೆಂಟ್ ಪ್ಲೇಸ್‌ಮೆಂಟ್ ಅಂತ ಜಾಹೀರಾತಿನಲ್ಲಿತ್ತು. ಪ್ಲೇಸ್‌ಮೆಂಟ್ ಅಂದರೆ ಕಂಪನಿಗಳ ಇಮೇಲ್ ವಿಳಾಸಗಳ ಒಂದು ಪಟ್ಟಿ ಕಳಿಸಿದರು, ಅಷ್ಟೇ. ಈ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಇಂಥ ಕೋರ್ಸ್ ಮಾಡಿದವರು ನಮ್ಮ ವಿಭಾಗಕ್ಕೆ ಅರ್ಜಿ ಹಾಕುತ್ತಲೇ ಇರುತ್ತಾರೆ. ನಾವು ನೋಡುವುದು ಆ ಸರ್ಟಿಫಿಕೇಟನ್ನಲ್ಲ.

ಸಾಲ ಮಾಡಬೇಕಾ?

ಲ್ಯಾಬ್‌ನಲ್ಲಿ ವರ್ಷ ಕಳೆಯುವ ಹೊತ್ತಿಗೆ ಮನೆಯವರಿಗೆ ಯಾರೋ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ, ಮಾಡಿಸಿ ಅಂದರು. ಖಾಸಗಿ ಕಾಲೇಜು, ಎರಡು ವರ್ಷ, ಹಾಸ್ಟೆಲ್ ಸೇರಿ ಆರು ಲಕ್ಷದ ಹತ್ತಿರ. ಬ್ಯಾಂಕ್ ಸಾಲದ ಅರ್ಜಿಯೂ ತುಂಬಿಯಾಗಿತ್ತು. ಅಪ್ಪನಿಗೆ ಮಾತ್ರ ಒಂದು ಅನುಮಾನ. "ಆಫೀಸಲ್ಲಿ ಕೂರೋದಕ್ಕೆ ಎಂ.ಎಸ್ಸಿ. ಯಾಕೆ ಬೇಕಿತ್ತಮ್ಮ?" ಅಂದಿದ್ದರಂತೆ.

ಆ ಹೊತ್ತಿಗೆ ಕಾವ್ಯ ನನ್ನನ್ನು ಕೇಳಲು ಬಂದಳು. ಕಾಲೇಜಿನವರನ್ನು ಕೇಳಿದರೆ ಕೋರ್ಸ್ ಮಾಡಿ ಅಂತಲೇ ಹೇಳುತ್ತಾರೆ. ಅದರ ಬದಲು ನಮ್ಮ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿ ಯಾರು ಏನು ಓದಿ ಬಂದಿದ್ದಾರೆ ಅಂತ ವಿಚಾರಿಸು ಅಂದೆ. ಆಕೆ ವಿಚಾರಿಸಿದಳು. ಮ್ಯಾನೇಜರ್ ಮೊದಲು ಸ್ಟಾಫ್ ನರ್ಸ್ ಆಗಿದ್ದವರು. ಕೆಲಸದಲ್ಲಿದ್ದುಕೊಂಡೇ ಎಂಎಚ್‌ಎ ಮಾಡಿಕೊಂಡಿದ್ದರು. ಕೆಳಗಿನ ಮೂವರಲ್ಲಿ ಒಬ್ಬರು ಬಿ.ಫಾರ್ಮ, ಒಬ್ಬರು ಎಂಎಚ್‌ಎ, ಇನ್ನೊಬ್ಬರು ಬಯೋಕೆಮಿಸ್ಟ್ರಿ. ಎಂಎಚ್‌ಎ ಮಾಡಿದವರಿಗೂ ಬಿ.ಫಾರ್ಮ ಮಾಡಿದವರಿಗೂ ಸೇರುವಾಗ ಸಿಕ್ಕ ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಪದವಿಯ ಬೆಲೆ ಕಾಣುವುದು ಮ್ಯಾನೇಜರ್ ಆಗುವಾಗ, ಅಂದರೆ ಐದಾರು ವರ್ಷದ ಮೇಲೆ.

ಇದು ಮೊದಲ ತಿರುವು. ಸಾಲ ನಿಂತಿತು. ಆಸ್ಪತ್ರೆ ಆಗ ಎನ್‌ಎಬಿಎಚ್ ಮಾನ್ಯತೆಗೆ ತಯಾರಾಗುತ್ತಿತ್ತು. ಇದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗೆ ಬರುವ ಮಂಡಳಿ, ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸಿ ಮಾನ್ಯತೆ ಕೊಡುತ್ತದೆ. ಅದರ ಮಾನದಂಡಗಳಲ್ಲಿ ಸೋಂಕು ನಿಯಂತ್ರಣಕ್ಕೆ ಒಂದು ಇಡೀ ಅಧ್ಯಾಯ ಇದೆ. ಸೋಂಕಿನ ಅಂಕಿಅಂಶ ಪ್ರತಿ ತಿಂಗಳೂ ತೋರಿಸಬೇಕು. ಅದನ್ನು ನೋಡಿಕೊಳ್ಳಲು ಜನ ಬೇಕಿತ್ತು. ಕಾವ್ಯ 14 ಸಾವಿರಕ್ಕೆ ಕ್ವಾಲಿಟಿ ಟ್ರೈನಿಯಾಗಿ ಸೇರಿದಳು.

ಕ್ಯಾಥೆಟರ್ ದಿನಗಳು

ಆಕೆಗೆ ಕೊಟ್ಟ ಕೆಲಸ ಐಸಿಯು ಸೋಂಕಿನ ವರದಿ. ಅದರಲ್ಲಿ ಒಂದು ಸಾಲು ಮೂತ್ರದ ಕ್ಯಾಥೆಟರ್‌ನಿಂದ, ಅಂದರೆ ಮೂತ್ರ ಹೊರಗೆ ಹರಿಯಲು ಹಾಕುವ ಕೊಳವೆಯಿಂದ, ಬರುವ ಸೋಂಕಿನದು. ಇದನ್ನು ಸಾವಿರ ಕ್ಯಾಥೆಟರ್ ದಿನಕ್ಕೆ ಎಷ್ಟು ಅಂತ ಹೇಳುತ್ತಾರೆ. ಒಬ್ಬ ರೋಗಿಗೆ ಐದು ದಿನ ಕ್ಯಾಥೆಟರ್ ಇದ್ದರೆ ಐದು ಕ್ಯಾಥೆಟರ್ ದಿನ. ಪ್ರತಿದಿನ ಒಂದೇ ಹೊತ್ತಿಗೆ ಐಸಿಯುನಲ್ಲಿ ಎಷ್ಟು ಜನರಿಗೆ ಕ್ಯಾಥೆಟರ್ ಇದೆ ಅಂತ ಎಣಿಸಿ, ತಿಂಗಳ ಕೊನೆಗೆ ಕೂಡಿದರೆ ಛೇದ ಸಿಗುತ್ತದೆ. ಆ ತಿಂಗಳ ಸೋಂಕಿನ ಸಂಖ್ಯೆಯನ್ನು ಇದರಿಂದ ಭಾಗಿಸಿ ಸಾವಿರದಿಂದ ಗುಣಿಸಬೇಕು.

ಹಳೆಯ ವರದಿಯಲ್ಲಿ ಒಂದು ತಿಂಗಳು 3 ಸೋಂಕು, ದರ 9.1 ಅಂತಿತ್ತು. ಕಾವ್ಯ ಹಿಂದಕ್ಕೆ ಲೆಕ್ಕ ಹಾಕಿದಳು. 3 ಸೋಂಕಿಗೆ 9.1 ಬರಬೇಕಾದರೆ ಛೇದ 330 ಇರಬೇಕು. ಐಸಿಯುನಲ್ಲಿ ಇದ್ದದ್ದೇ 12 ಹಾಸಿಗೆ. 330 ಕ್ಯಾಥೆಟರ್ ದಿನ ಅಂದರೆ ಹೆಚ್ಚುಕಡಿಮೆ ಪ್ರತಿ ರೋಗಿಗೂ ಪ್ರತಿದಿನವೂ ಕ್ಯಾಥೆಟರ್ ಇತ್ತು ಅಂತಾಯಿತು. ರೌಂಡ್ಸ್‌ಗೆ ಹೋದರೆ ಹಾಗೆ ಕಾಣುತ್ತಿರಲಿಲ್ಲ. ರಿಜಿಸ್ಟರ್ ತೆಗೆದು ನೋಡಿದಾಗ ಗೊತ್ತಾಯಿತು, ಬರೆಯುತ್ತಿದ್ದುದು ಕ್ಯಾಥೆಟರ್ ದಿನವಲ್ಲ, ರೋಗಿ ದಿನ. ರಾತ್ರಿ ಹನ್ನೆರಡಕ್ಕೆ ಎಷ್ಟು ಹಾಸಿಗೆ ತುಂಬಿದೆ ಅನ್ನುವ ಸಂಖ್ಯೆ ಬಿಲ್ಲಿಂಗ್‌ಗೆ ಹೇಗೂ ಬೇಕಿತ್ತು. ಅದನ್ನೇ ಇಲ್ಲಿಗೂ ಹಾಕಿಬಿಡುತ್ತಿದ್ದರು. ಕೇಸ್ ಶೀಟ್‌ಗಳಿಂದ ಎಣಿಸಿದಾಗ ಆ ತಿಂಗಳ ನಿಜವಾದ ಕ್ಯಾಥೆಟರ್ ದಿನ 210.

ಇಷ್ಟಕ್ಕೇ ನಿಂತಿದ್ದರೆ ದರ 14.3 ಆಗುತ್ತಿತ್ತು, ಆಕೆ ಅದನ್ನೇ ವರದಿ ಮಾಡುತ್ತಿದ್ದಳು. ಇಲ್ಲಿ ಆಕೆಯ ಎಂ.ಎಸ್ಸಿ. ಕೆಲಸಕ್ಕೆ ಬಂತು. ಆ ಮೂರು ಕಲ್ಚರ್ ವರದಿಗಳನ್ನೂ ತೆಗೆದು ನೋಡಿದಳು. ಒಂದರಲ್ಲಿ ಮೂರು ಬೇರೆ ಬೇರೆ ಜೀವಿಗಳು ಬೆಳೆದಿದ್ದವು. ಸೋಂಕು ಎಣಿಸಲು ಆಸ್ಪತ್ರೆ ಬಳಸುತ್ತಿದ್ದುದು ಅಮೆರಿಕದ ಸಿಡಿಸಿಯ ವ್ಯಾಖ್ಯೆ. ಅದರ ಪ್ರಕಾರ ಕ್ಯಾಥೆಟರ್ ಹಾಕಿ ಎರಡು ದಿನಕ್ಕಿಂತ ಜಾಸ್ತಿ ಆಗಿರಬೇಕು, ಜ್ವರದಂಥ ಲಕ್ಷಣ ಇರಬೇಕು, ಮೂತ್ರದ ಪ್ರತಿ ಮಿಲಿಲೀಟರ್‌ನಲ್ಲಿ ಕನಿಷ್ಠ ಒಂದು ಲಕ್ಷ ಬ್ಯಾಕ್ಟೀರಿಯಾ ಇರಬೇಕು, ಬೆಳೆದ ಜೀವಿಗಳು ಎರಡು ಬಗೆಗಿಂತ ಜಾಸ್ತಿ ಇರಬಾರದು. ಮೂರು ಬಗೆ ಬೆಳೆದರೆ ಮಾದರಿ ತೆಗೆಯುವಾಗ ಕಲುಷಿತವಾಗಿರುವ ಸಾಧ್ಯತೆಯೇ ಹೆಚ್ಚು. ಆಕೆ ನೈಟ್ ಶಿಫ್ಟ್‌ನ ಸಿಸ್ಟರ್ ಒಬ್ಬರನ್ನು ಸುಮ್ನೆ ವಿಚಾರಿಸಿದಳು. ಮಾದರಿಯನ್ನು ಕ್ಯಾಥೆಟರ್‌ನ ಪೋರ್ಟ್‌ನಿಂದ ಸಿರಿಂಜಿನಲ್ಲಿ ತೆಗೆಯುವ ಬದಲು ಚೀಲದಿಂದ ಬಗ್ಗಿಸಿದ್ದರು.

ಹಾಗಾಗಿ ಸೋಂಕು 2, ಕ್ಯಾಥೆಟರ್ ದಿನ 210, ದರ 9.5. ಹಳೆಯ 9.1ಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ಅದಕ್ಕೇ ಇಷ್ಟು ದಿನ ಯಾರಿಗೂ ಸಂಶಯ ಬಂದಿರಲಿಲ್ಲ. ದರ ಸರಿಯಾಗಿ ಕಾಣುತ್ತಿದೆ ಅಂತ ವರದಿ ಸರಿಯಿದೆ ಎಂದುಕೊಳ್ಳುವಂತಿಲ್ಲ. ಛೇದ ಎಲ್ಲಿಂದ ಬಂತು ಅಂತ ರಿಜಿಸ್ಟರ್ ತೆಗೆದೇ ನೋಡಬೇಕು.

ಸೋಂಕು ನಿಯಂತ್ರಣ ಸಮಿತಿಯ ಸಭೆಯಲ್ಲಿ ಇದನ್ನು ಹೇಗೆ ಇಡುವುದು ಅನ್ನುವುದು ಇನ್ನೊಂದು ಪ್ರಶ್ನೆ. ಟ್ರೈನಿ ಹುಡುಗಿ ಐಸಿಯು ಮುಖ್ಯಸ್ಥರ ಎದುರು ನಿಮ್ಮ ಲೆಕ್ಕ ತಪ್ಪು ಅಂದರೆ ಆಗುತ್ತಾ? ಆಕೆ ಮೊದಲು ಐಸಿಯು ಇನ್‌ಚಾರ್ಜ್ ಸಿಸ್ಟರ್ ಬಳಿ ಹೋದಳು. ದಿನಾ ಬೆಳಿಗ್ಗೆ ಏಳಕ್ಕೆ, ಹ್ಯಾಂಡ್‌ಓವರ್ ಹೊತ್ತಿಗೆ, ಕ್ಯಾಥೆಟರ್ ಎಣಿಕೆ ಬರೆಯಲು ಒಂದೇ ಕಾಲಂ ಇರುವ ಹಾಳೆ ಮಾಡಿಕೊಟ್ಟಳು. ಒಂದು ತಿಂಗಳು ಎರಡೂ ಲೆಕ್ಕ ಪಕ್ಕಪಕ್ಕದಲ್ಲಿ ನಡೆದವು. ಸಭೆಗೆ ಅದನ್ನು ಮಂಡಿಸಿದವರು ಇನ್‌ಚಾರ್ಜ್ ಸಿಸ್ಟರ್. ಕಾವ್ಯ ಪಕ್ಕದಲ್ಲಿ ಕೂತಿದ್ದಳು. ನನ್ನ ದೃಷ್ಟಿಯಲ್ಲಿ ಆಡಳಿತದ ಕೆಲಸದಲ್ಲಿ ಆಕೆ ತೆಗೆದುಕೊಂಡ ಅತಿ ಒಳ್ಳೆಯ ನಿರ್ಧಾರ ಇದು.

ಸೋಂಕು ಇಳಿಯಿತು, ದರ ಏರಿತು

ಆಮೇಲೆ ಸಮಿತಿ ಒಂದು ಕ್ರಮ ತಂದಿತು. ಪ್ರತಿ ಬೆಳಗಿನ ರೌಂಡ್ಸ್‌ನಲ್ಲಿ ಈ ರೋಗಿಗೆ ಕ್ಯಾಥೆಟರ್ ಇನ್ನೂ ಬೇಕಾ ಅಂತ ವೈದ್ಯರನ್ನು ಕೇಳಬೇಕು, ಬೇಡವಾದರೆ ಅವತ್ತೇ ತೆಗೆಯಬೇಕು. ಕ್ಯಾಥೆಟರ್ ಎಷ್ಟು ದಿನ ಇರುತ್ತದೋ ಅಷ್ಟು ಸೋಂಕಿನ ಅಪಾಯ ಹೆಚ್ಚು, ಹಾಗಾಗಿ ಇದು ಸರಿಯಾದ ಕ್ರಮವೇ.

ಕ್ರಮ ತರುವ ಮುಂಚಿನ ಮೂರು ತಿಂಗಳಲ್ಲಿ 620 ಕ್ಯಾಥೆಟರ್ ದಿನ, 6 ಸೋಂಕು, ದರ 9.7. ನಂತರದ ಮೂರು ತಿಂಗಳಲ್ಲಿ 400 ಕ್ಯಾಥೆಟರ್ ದಿನ, 4 ಸೋಂಕು, ದರ 10. ಸೋಂಕು ಬಂದವರು ಕಡಿಮೆಯಾಗಿದ್ದರು, ದರ ಮಾತ್ರ ಮೇಲೆ ಹೋಗಿತ್ತು. ಆಡಳಿತ ನಿರ್ದೇಶಕರು ಬಣ್ಣದ ಗ್ರಾಫ್ ನೋಡಿ ಸಿಟ್ಟಾದರು. ಇಷ್ಟೆಲ್ಲ ಮಾಡಿ ಜಾಸ್ತಿ ಯಾಕಾಯಿತು ಅಂತ ಕೇಳಿದರು.

ಕಾರಣ ಇಷ್ಟೇ. ಬೇಡವಾದ ಕ್ಯಾಥೆಟರ್ ತೆಗೆದಾಗ ಹೊರಗೆ ಹೋಗುವವರು ಚೇತರಿಸಿಕೊಳ್ಳುತ್ತಿರುವ, ಅಪಾಯ ಕಡಿಮೆ ಇರುವ ರೋಗಿಗಳು. ಛೇದದಲ್ಲಿ ಉಳಿಯುವವರು ತೀರಾ ಕಾಯಿಲೆಯವರು. ಛೇದ ಕುಗ್ಗಿದಷ್ಟು ಸೋಂಕು ಕುಗ್ಗುವುದಿಲ್ಲ. ಹಾಗಾಗಿ ದರದ ಜೊತೆ ಇನ್ನೊಂದು ಅಂಕಿ ಕೊಡಬೇಕು: ಒಟ್ಟು ರೋಗಿ ದಿನಗಳಲ್ಲಿ ಎಷ್ಟು ಭಾಗ ಕ್ಯಾಥೆಟರ್ ದಿನ? ಮೊದಲ ಮೂರು ತಿಂಗಳಲ್ಲಿ 980ಕ್ಕೆ 620, ಅಂದರೆ 0.63. ನಂತರ 960ಕ್ಕೆ 400, ಅಂದರೆ 0.42. ಕಾವ್ಯ ಮುಂದಿನ ವರದಿಯಲ್ಲಿ ಮೂರನ್ನೂ ಒಂದೇ ಪುಟದಲ್ಲಿ ಇಟ್ಟಳು: ಸೋಂಕಿನ ಸಂಖ್ಯೆ, ದರ, ಬಳಕೆಯ ಪ್ರಮಾಣ. ಆರು ನಾಲ್ಕಾಗಿದ್ದು ಕಾಕತಾಳೀಯವೂ ಇರಬಹುದು, ಇಷ್ಟು ಸಣ್ಣ ಐಸಿಯುನಲ್ಲಿ ಮೂರು ತಿಂಗಳು ಸಾಲದು ಅಂತ ಕೆಳಗೆ ಒಂದು ಸಾಲನ್ನೂ ಬರೆದಳು. ಆ ಸಾಲನ್ನು ತೆಗೆಯಲು ಮೇಲಿನಿಂದ ಹೇಳಿದರು. ಮೈಕ್ರೋಬಯಾಲಜಿ ಮೇಡಂ ಬಿಡಲಿಲ್ಲ.

ಆಕೆಯ ಮನಸ್ಸು ಯಾವ ಕಡೆಗಿದೆ ಅಂತ ನನಗೆ ಗೊತ್ತಾಗಿದ್ದು ಆಗ. ಆಸ್ಪತ್ರೆ ಆಡಳಿತದಲ್ಲಿ ಉಳಿದವರ ದಿನ ಹೇಗಿರುತ್ತದೆ ಅಂದರೆ ಆಡಿಟ್, ಎಸ್‌ಒಪಿ ತಿದ್ದುವುದು, ಅಗ್ನಿಶಾಮಕ ತರಬೇತಿಯ ಹಾಜರಾತಿ, ರೋಗಿಯ ದೂರು, ಔಷಧ ಅವಧಿಯ ಪರಿಶೀಲನೆ. ಕೆಲವರಿಗೆ ಇದು ಹಿಡಿಸುತ್ತದೆ, ಅವರು ಚೆನ್ನಾಗಿ ಬೆಳೆಯುತ್ತಾರೆ. ಕಾವ್ಯ ಇದನ್ನೆಲ್ಲ ಬೇಗ ಮುಗಿಸಿ ಸೋಂಕಿನ ಹಾಳೆಗೆ ವಾಪಸ್ ಬರುತ್ತಿದ್ದಳು. ಇನ್ನೊಂದು ಮಿತಿಯೂ ಇತ್ತು. ನಮ್ಮಲ್ಲಿ ಸೋಂಕು ನಿಯಂತ್ರಣ ಅಧಿಕಾರಿ ವೈದ್ಯರೇ ಆಗಿರಬೇಕು, ವಾರ್ಡ್‌ನಲ್ಲಿ ಕೆಲಸ ಮಾಡುವವರು ನರ್ಸ್. ಅಲ್ಲೂ ಎಂ.ಎಸ್ಸಿ. ಮಾಡಿದವರಿಗೆ ಹುದ್ದೆಯ ಹೆಸರು ಇರಲಿಲ್ಲ.

ಟ್ರಯಲ್‌ನಲ್ಲಿ ಕೆಲವು ತಿಂಗಳು

ಮಾನ್ಯತೆ ಸಿಕ್ಕ ಮೇಲೆ ನಮ್ಮ ವಿಭಾಗದಲ್ಲಿ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಒಬ್ಬರು ಹೆರಿಗೆ ರಜೆಗೆ ಹೋದರು. ಕಾವ್ಯ ಅವರ ಜಾಗಕ್ಕೆ ಬಂದಳು. ಔಷಧ ಪ್ರಯೋಗದಲ್ಲಿ ವೈದ್ಯರನ್ನು ಬಿಟ್ಟರೆ ದಿನನಿತ್ಯದ ಕೆಲಸ ನಡೆಸುವವರು ಕೋಆರ್ಡಿನೇಟರ್. ರೋಗಿಗೆ ಬರುವ ದಿನ ನೆನಪಿಸುವುದು, ಒಪ್ಪಿಗೆ ಪತ್ರದ ಪ್ರತಿಗಳನ್ನು ಜೋಪಾನ ಮಾಡುವುದು, ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿ ಫ್ರೀಜರ್‌ಗೆ ಹಾಕುವುದು, ಎಷ್ಟು ಮಾತ್ರೆ ಕೊಟ್ಟೆವು ಎಷ್ಟು ವಾಪಸ್ ಬಂತು ಅಂತ ಎಣಿಸುವುದು, ದಾಖಲೆ ಪರಿಶೀಲಿಸಲು ಔಷಧ ಕಂಪನಿಯ ಕಡೆಯಿಂದ ಬರುವ ಮಾನಿಟರ್ ಕೇಳುವ ನೂರೆಂಟು ಪ್ರಶ್ನೆಗೆ ಉತ್ತರಿಸುವುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಗಂಭೀರ ತೊಂದರೆಯಾದರೆ ಸಂಶೋಧಕ ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಣ ಸಂಸ್ಥೆಗೆ, ಕಂಪನಿಗೆ, ನೈತಿಕ ಸಮಿತಿಗೆ ವರದಿ ಮಾಡಬೇಕು. ವರದಿ ವೈದ್ಯರದು, ಆದರೆ ಕಾಗದ ಸಿದ್ಧಮಾಡುವ ಕೈ ಕೋಆರ್ಡಿನೇಟರ್‌ದು.

ಒಂದು ಘಟನೆ ಇಲ್ಲಿ ಹೇಳಬೇಕು. ಒಪ್ಪಿಗೆ ಪತ್ರದ ಹೊಸ ಆವೃತ್ತಿಗೆ ನೈತಿಕ ಸಮಿತಿ ಅನುಮತಿ ಕೊಟ್ಟಿತ್ತು. ಅದರ ನಂತರ ಬಂದ ಒಬ್ಬ ರೋಗಿಯಿಂದ ಹಳೆಯ ಆವೃತ್ತಿಗೆ ಸಹಿ ಹಾಕಿಸಲಾಗಿತ್ತು. ಫೈಲ್ ಜೋಡಿಸುವಾಗ ಕಾವ್ಯಳ ಕಣ್ಣಿಗೆ ಬಿತ್ತು. ಕಿರಿಯ ವೈದ್ಯರೊಬ್ಬರು, ಹೊಸದಕ್ಕೆ ಹಳೇ ತಾರೀಕು ಹಾಕಿಸಿಬಿಡಿ, ಮುಗೀತಲ್ಲ ಅಂದರು. ಆಕೆ ಒಪ್ಪಲಿಲ್ಲ. ಹಿಂದಿನ ತಾರೀಕು ಹಾಕಿದರೆ ಸಣ್ಣ ಲೋಪ ನಕಲಿ ದಾಖಲೆಯಾಗುತ್ತದೆ. ರೋಗಿ ಮುಂದಿನ ಸಲ ಬಂದಾಗ ಹೊಸ ಪತ್ರದಲ್ಲಿ ಬದಲಾದದ್ದನ್ನು ವೈದ್ಯರಿಂದ ವಿವರಿಸಿ, ಅವತ್ತಿನ ತಾರೀಕಿನಲ್ಲೇ ಸಹಿ ತೆಗೆದುಕೊಂಡರು. ಹಳೆಯ ಪತ್ರ ಫೈಲ್‌ನಲ್ಲೇ ಉಳಿಯಿತು. ಏನಾಯಿತು ಅಂತ ಟಿಪ್ಪಣಿ ಬರೆದು ಸಮಿತಿಗೂ ಕಂಪನಿಗೂ ತಿಳಿಸಿದರು. ಮಾನಿಟರ್ ಇದನ್ನು ನೋಡಿ ಒಂದು ಸಾಲು ಬರೆದು ಮುಂದೆ ಹೋದರು.

ಈ ಕೆಲಸದಲ್ಲಿ ಕಾಯಂ ಆಗಿ ಸೇರಲು ಆಕೆಗೆ 25 ಸಾವಿರದ ಆಫರ್ ಬಂತು. ಆಫರ್ ಆಸ್ಪತ್ರೆಯದಲ್ಲ, ಆಸ್ಪತ್ರೆಗಳಿಗೆ ಕೋಆರ್ಡಿನೇಟರ್‌ಗಳನ್ನು ಒದಗಿಸುವ ಸಂಸ್ಥೆಯದು. ಪತ್ರ ಓದಿದಾಗ ಕೆಲಸ ಆ ಒಂದು ಅಧ್ಯಯನಕ್ಕೆ ಸೀಮಿತ ಅಂತ ಕಂಡಿತು. ಅಧ್ಯಯನ ಮುಗಿದರೆ ಅಥವಾ ಕಂಪನಿ ನಿಲ್ಲಿಸಿದರೆ ಬೇರೆ ಊರಿಗೆ ವರ್ಗ, ಇಲ್ಲವೇ ಕೆಲಸ ಇಲ್ಲ. ಎರಡು ಮೂರು ವರ್ಷ ಇದನ್ನು ಮಾಡಿ ಕಂಪನಿಯ ಕಡೆಯ ಮಾನಿಟರ್ ಆಗಿ ಹೋದವರು ನನಗೆ ಗೊತ್ತು, ಸಂಬಳವೂ ಚೆನ್ನಾಗಿರುತ್ತದೆ. ಕೆಟ್ಟ ದಾರಿಯಲ್ಲ. ಆದರೆ ಅಲ್ಲಿ ಪ್ರಶ್ನೆ ಬೇರೆಯವರದು, ನಾನು ದಾಖಲೆ ಕಾಯುವವಳು ಅಂದಳು ಕಾವ್ಯ.

ಮೂರನೇ ದಾರಿ

ಅದೇ ಸಮಯಕ್ಕೆ ಜಿಲ್ಲಾ ಸರ್ವೇಕ್ಷಣಾ ಘಟಕದ ಗುತ್ತಿಗೆ ಹುದ್ದೆಯ ಅಧಿಸೂಚನೆ ಬಂತು. ದೇಶದಲ್ಲಿ 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮದ ಕೆಳಗೆ ಪ್ರತಿ ಜಿಲ್ಲೆಯಲ್ಲೂ ಇಂಥ ಘಟಕ ಇದೆ. ರೋಗ ಜನರಲ್ಲಿ ಹೇಗೆ ಹರಡುತ್ತದೆ ಅಂತ ನೋಡುವ ಎಪಿಡೆಮಿಯಾಲಜಿಸ್ಟ್, ಮೈಕ್ರೋಬಯಾಲಜಿಸ್ಟ್, ಡೇಟಾ ಮ್ಯಾನೇಜರ್ ಹುದ್ದೆಗಳಿರುತ್ತವೆ. ಕಾವ್ಯ ಅರ್ಜಿ ಹಾಕಿದಳು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎಪಿಡೆಮಿಯಾಲಜಿಸ್ಟ್ ಹುದ್ದೆಗೆ ಜೀವವಿಜ್ಞಾನದ ಎಂ.ಎಸ್ಸಿ. ಜೊತೆಗೆ ಸಾರ್ವಜನಿಕ ಆರೋಗ್ಯದ ಪದವಿ ಅಥವಾ ಅನುಭವ ಕೇಳಿದ್ದರು. ಖಾಸಗಿ ಆಸ್ಪತ್ರೆಯ ಕ್ವಾಲಿಟಿ ಅನುಭವವನ್ನು ಅದಕ್ಕೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಸೋಲೇ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಮಾಡುವ ನಿರ್ಧಾರಕ್ಕೆ ಕಾರಣವಾಯಿತು. ಮೊದಲು ಸಾಲ ಬೇಡ ಅಂದವಳೇ ಈಗ ಎರಡು ವರ್ಷದ ಕೋರ್ಸ್‌ಗೆ ಹೊರಟಳಲ್ಲ, ವ್ಯತ್ಯಾಸವೇನು? ಮೊದಲ ಸಲ ಪದವಿ ತೆಗೆದುಕೊಂಡು ಕೆಲಸ ಹುಡುಕುವುದಿತ್ತು. ಈ ಸಲ ಯಾವ ಹುದ್ದೆ, ಅದಕ್ಕೆ ಏನು ಕಡಿಮೆ ಅನ್ನುವುದು ಲಿಖಿತವಾಗಿ ಕೈಯಲ್ಲಿತ್ತು. ಆಯ್ಕೆಯಲ್ಲೂ ಎಚ್ಚರ ವಹಿಸಿದಳು. ಕೆಲವು ಕಡೆ ಎಂಪಿಎಚ್‌ಗೆ ವೈದ್ಯಕೀಯ ಪದವಿ ಇದ್ದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಆ ಹೆಸರುಗಳನ್ನು ಮೊದಲೇ ಹೊಡೆದುಹಾಕಿದಳು. ಉಳಿದವುಗಳಲ್ಲಿ ಎರಡು ಪ್ರಶ್ನೆ ಕೇಳಿದಳು. ಬಯೋಸ್ಟಾಟಿಸ್ಟಿಕ್ಸ್ ಮತ್ತು ಎಪಿಡೆಮಿಯಾಲಜಿ ಎಷ್ಟು ಸೆಮಿಸ್ಟರ್ ಇದೆ? ಪ್ರಬಂಧಕ್ಕೆ ವಿದ್ಯಾರ್ಥಿಯೇ ಡೇಟಾ ಸಂಗ್ರಹಿಸಬೇಕಾ? ಕೊನೆಗೆ ಸೇರಿದ ಕಡೆ ಶುಲ್ಕ ಮೊದಲ ಎಂಎಚ್‌ಎ ಕಾಲೇಜಿನ ಅರ್ಧಕ್ಕಿಂತ ಕಡಿಮೆಯಿತ್ತು. ಉಳಿತಾಯದಿಂದ ಅರ್ಧ, ಸಾಲದಿಂದ ಅರ್ಧ ಕಟ್ಟಿದಳು.

ಇಂಟರ್ನ್‌ಶಿಪ್ ಒಂದು ಜಿಲ್ಲಾ ಘಟಕದಲ್ಲಿ, ಮಳೆಗಾಲದಲ್ಲಿ. ಡೆಂಗ್ಯೂ ಸಂಖ್ಯೆ ಖಾಸಗಿ ಆಸ್ಪತ್ರೆಗಳ ಲೆಕ್ಕದಲ್ಲಿ ಒಂದು, ಇಲಾಖೆಯ ಲೆಕ್ಕದಲ್ಲಿ ಇನ್ನೊಂದು. ಇಲಾಖೆ ಏನೋ ಮುಚ್ಚಿಡುತ್ತಿದೆ ಅಂತ ಊರಲ್ಲಿ ಮಾತು. ಕಾವ್ಯ ಕೂತು ಬಿಡಿಸಿದಳು. ಖಾಸಗಿಯವರು ರ‍್ಯಾಪಿಡ್ ಕಾರ್ಡ್‌ನಲ್ಲಿ ಪಾಸಿಟಿವ್ ಬಂದವರನ್ನೂ ಸೇರಿಸುತ್ತಿದ್ದರು. ಸರ್ಕಾರಿ ಕಾರ್ಯಕ್ರಮದಲ್ಲಿ ದೃಢ ಅನ್ನುವುದು ಎಲೈಸಾ ಪರೀಕ್ಷೆಯಲ್ಲಿ ಬಂದರೆ ಮಾತ್ರ: ಜ್ವರದ ಮೊದಲ ಐದು ದಿನದೊಳಗಾದರೆ ವೈರಸ್ಸಿನ ಪ್ರೋಟೀನ್ ಆದ ಎನ್‌ಎಸ್1, ಅದಾದ ಮೇಲೆ ದೇಹ ತಯಾರಿಸುವ ಪ್ರತಿಕಾಯ ಐಜಿಎಂ. ಇದರ ಜೊತೆಗೆ ಪರೀಕ್ಷೆ ಮಾಡಿದವರೆಷ್ಟು ಅನ್ನುವುದನ್ನು ಖಾಸಗಿ ಲ್ಯಾಬ್‌ಗಳು ಕಳಿಸುತ್ತಲೇ ಇರಲಿಲ್ಲ, ಪಾಸಿಟಿವ್ ಪಟ್ಟಿ ಮಾತ್ರ ಬರುತ್ತಿತ್ತು. ಛೇದವಿಲ್ಲದೆ ರೋಗ ಹೆಚ್ಚಾಯಿತೋ ಪರೀಕ್ಷೆ ಹೆಚ್ಚಾಯಿತೋ ಹೇಳುವುದು ಹೇಗೆ? ಆಕೆ ಕೆಲವು ಲ್ಯಾಬ್‌ಗಳಿಗೆ ಖುದ್ದಾಗಿ ಹೋಗಿ, ವಾರಕ್ಕೊಮ್ಮೆ ಒಟ್ಟು ಪರೀಕ್ಷೆಯ ಸಂಖ್ಯೆಯನ್ನೂ ಬರೆಸಿಕೊಂಡು ಬಂದಳು. ಎಲ್ಲರೂ ಕೊಡಲಿಲ್ಲ. ಕೊಟ್ಟವರ ಅಂಕಿಗಳಿಂದಲೇ ಆಕೆಯ ಪ್ರಬಂಧ ಆಯಿತು.

ಈಗ

ಕಾವ್ಯ ಈಗ ಒಂದು ಸಂಶೋಧನಾ ಸಂಸ್ಥೆಯ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಹಲವು ಆಸ್ಪತ್ರೆಗಳಿಂದ ಬರುವ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಡೇಟಾ ನೋಡಿಕೊಳ್ಳುವುದು ಆಕೆಯ ಕೆಲಸ. ಸಂದರ್ಶನದಲ್ಲಿ ಎಂಪಿಎಚ್ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ ಬಿಟ್ಟರಂತೆ. ಉಳಿದ ಹೊತ್ತೆಲ್ಲ ಕ್ಯಾಥೆಟರ್ ದರ ಯಾಕೆ ಏರಿತು ಅನ್ನುವುದರ ಮೇಲೇ ಮಾತು. ಲ್ಯಾಬ್‌ನಲ್ಲಿ ಕಲ್ಚರ್ ತಟ್ಟೆ ಹಿಡಿದವಳು, ವಾರ್ಡ್‌ನಲ್ಲಿ ಮಾದರಿ ಹೇಗೆ ಕೆಡುತ್ತದೆ ಅಂತ ನೋಡಿದವಳು, ಡೇಟಾ ಲೆಕ್ಕವನ್ನೂ ಬಲ್ಲವಳು ಒಬ್ಬಳೇ ಆಗಿದ್ದುದು ಅವರಿಗೆ ಬೇಕಿತ್ತು. ಬರೀ ಎಂಪಿಎಚ್ ಇದ್ದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಬರೀ ಆಸ್ಪತ್ರೆ ಅನುಭವ ಇದ್ದಿದ್ದರೆ ಸಂದರ್ಶನದ ಕರೆಯೇ ಬರುತ್ತಿರಲಿಲ್ಲ.

ಬಗೆಹರಿಯದ್ದೂ ಇದೆ. ಕೆಲಸ ಗುತ್ತಿಗೆಯದು, ವರ್ಷ ವರ್ಷ ನವೀಕರಣ. ಯೋಜನೆಯ ಹಣ ನಿಂತರೆ ಹುದ್ದೆಯೂ ನಿಲ್ಲುತ್ತದೆ. ಟ್ರಯಲ್ ಆಫರ್ ಬಿಟ್ಟದ್ದೂ ಇದೇ ಕಾರಣಕ್ಕೆ ಅಲ್ವಾ ಅಂತ ನಾನು ಕೇಳಿದೆ. ಹೌದು, ಆದರೆ ಇಲ್ಲಿ ಪ್ರಬಂಧಗಳಲ್ಲಿ ನನ್ನ ಹೆಸರು ಇರುತ್ತದೆ ಸರ್, ಮುಂದಿನ ಕೆಲಸಕ್ಕೆ ಅದನ್ನು ತೋರಿಸಬಹುದು ಅಂದಳು. ಪಿಎಚ್‌ಡಿ ಇಲ್ಲದೆ ಯೋಜನೆಯ ಮುಖ್ಯಸ್ಥೆ ಆಗಲು ಸಾಧ್ಯವಿಲ್ಲ ಅನ್ನುವುದೂ ಆಕೆಗೆ ಗೊತ್ತು. ಅದೇ ಡೇಟಾದ ಮೇಲೆ ಪಿಎಚ್‌ಡಿಗೆ ನೋಂದಾಯಿಸಲು ಸಂಸ್ಥೆ ಅನುಮತಿ ಕೊಡುತ್ತದಾ ಅಂತ ಈಗ ವಿಚಾರಿಸುತ್ತಿದ್ದಾಳೆ. ಸಾಲದ ಕಂತು ಇನ್ನೂ ನಡೆಯುತ್ತಿದೆ.